ವರಂಗಲ್‌ಗೆ ಕಳಿಸಿದ ಮಗಳು

ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಅವಳ ಶಾಲೆಯಿಂದ ಒಂದು ಪತ್ರ ಬಂತು. ಅಂತರಶಾಲಾ ಖೋ-ಖೋ ಪಂದ್ಯಾವಳಿ ವರಂಗಲ್‌ನಲ್ಲಿ. ಬೆಳಿಗ್ಗೆ ಶಾಲೆಯ ಗೇಟಿನಿಂದ ಬಸ್ಸು ಹೊರಡುತ್ತದೆ, ರಾತ್ರಿ ಅಲ್ಲಿನ ಶಾಲೆಯೊಂದರ ಹಾಸ್ಟೆಲಿನಲ್ಲಿ ವಾಸ, ಮರುದಿನ ಸಂಜೆ ವಾಪಸು. ಜೊತೆಗೆ ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಮಹಿಳೆ. ಪತ್ರದ ಕೆಳಗಿನ ಅರ್ಧವನ್ನು ನಾವು ತುಂಬಿ, ಸಹಿ ಹಾಕಿ ಕಳಿಸಬೇಕಿತ್ತು: ನಮ್ಮ ಒಪ್ಪಿಗೆ, ಎರಡು ಫೋನ್ ನಂಬರು, ಮರಳಿದ ಮೇಲೆ ಮಗುವನ್ನು ಕರೆದುಕೊಂಡು ಹೋಗುವವರು ಯಾರು, ರಕ್ತದ ಗುಂಪು, ಕಾಯಿಲೆ ಅಥವಾ ಔಷಧಿ ಏನಾದರೂ ಇದ್ದರೆ ಅದರ ವಿವರ.

ಈ ಕೊನೆಯ ಪ್ರಶ್ನೆಗೆ ಅವರು ಬಿಟ್ಟಿದ್ದು ಒಂದೇ ಗೆರೆ. ನನ್ನ ಮಗಳಿಗೆ ಏಳನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದೊಡ್ಡವರಿಗೆ ಬರುವಂಥದ್ದಲ್ಲ, ಅವಳ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ. ಪ್ರತಿ ಊಟಕ್ಕೆ ಮುಂಚೆ ಸೂಜಿ, ಮಲಗುವ ಮುನ್ನ ಮತ್ತೊಂದು. ಸೂಜಿ ಚುಚ್ಚಿಕೊಳ್ಳುವುದನ್ನು ಅವಳೇ ಕಲಿತಿದ್ದಳು. ಆದರೆ ಚೆನ್ನಾಗಿ ಓಡಿ ಆಡಿದ ದಿನ ಸಕ್ಕರೆ ಗಂಟೆಗಟ್ಟಲೆ ತಡವಾಗಿ, ನಿದ್ದೆಯಲ್ಲೂ ಇಳಿಯಬಹುದು. ಅಂಥ ದಿನಗಳಲ್ಲಿ ನಡುರಾತ್ರಿ ಎದ್ದು ಅವಳ ಬೆರಳು ಚುಚ್ಚಿ ನೋಡುತ್ತಿದ್ದವಳು ನಾನು. ಅವಳು ಅಲ್ಲಿಯವರೆಗೆ ಒಂದು ರಾತ್ರಿಯೂ ನನ್ನನ್ನು ಬಿಟ್ಟು ಮಲಗಿರಲಿಲ್ಲ.

ನನ್ನ ಗಂಡ ಪತ್ರ ಓದಿ ಮಡಿಚಿಟ್ಟರು. ಸರ್ಕಾರಿ ಕಚೇರಿಯಲ್ಲಿ ಇಷ್ಟು ವರ್ಷ ಕಡತ ನೋಡಿದವರು, ಬೇಡ ಅನ್ನುವುದನ್ನೂ ಮೆಲ್ಲಗೆ ಹೇಳುತ್ತಾರೆ.

"ಈ ಸಲ ಬ್ಯಾಡ. ಮುಂದ ದೊಡ್ಡಾಕಿ ಆದಮ್ಯಾಲ ನೋಡೂಣು."

ಮಗಳು ಜಗಳವಾಡಲಿಲ್ಲ. ತಟ್ಟೆ ತೊಳೆದಿಟ್ಟು ಒಳಗೆ ಹೋದಳು. ಅವಳು ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಆರು ವರ್ಷಗಳಲ್ಲಿ ಎಷ್ಟೋ ಹುಟ್ಟುಹಬ್ಬದ ಕೇಕು, ಎಷ್ಟೋ ಶಾಲಾ ಪ್ರವಾಸ ಹೀಗೆಯೇ ಸದ್ದಿಲ್ಲದೆ ಬಿಟ್ಟುಕೊಟ್ಟವಳು ಅವಳು.

ನಮ್ಮ ಅತ್ತೆ ಆಗ ಕಲಬುರಗಿಯಿಂದ ಬಂದು ತೆಲುಗು ನಾಡಿನಲ್ಲಿ, ಉಪ್ಪಲ್‌ನ ನಮ್ಮ ಮನೆಯಲ್ಲಿದ್ದರು. ಮೊಮ್ಮಗಳ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರು ಅವರೇ. ಆವತ್ತು ಮಾತ್ರ ಅವರು ನನ್ನ ಪಕ್ಕಕ್ಕೆ ಬಂದು ಕೂತು, ಮಗನಿಗೆ ಕೇಳಿಸುವ ಹಾಗೆಯೇ ಅಂದರು: "ಅಕಿ ಜೋಡಿ ಹೋಗೋ ಟೀಚರ್ ಬಾಯಿ ಎಂಥಾಕಿ ಅದಾಳ, ಮೊದಲ ಹೋಗಿ ನೋಡಿ ಬಾರವಾ. ಆಮ್ಯಾಲ ಹೂಂ ಅನ್ನು, ಇಲ್ಲಾ ಒಲ್ಲೆ ಅನ್ನು. ನೋಡದನ ಹ್ಯಾಂಗ ಒಲ್ಲೆ ಅಂತೀರಿ?"

ಹೀಗಾಗಿ ಮರುದಿನ ಶಾಲೆಗೆ ಹೋದೆ. ಆಟದ ಶಿಕ್ಷಕಿ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿಸುತ್ತಿದ್ದರು. ಕರೀಂನಗರದ ಕಡೆಯವರು, ನನಗಿಂತ ಚಿಕ್ಕವರು. ನಾವು ತೆಲುಗಿನಲ್ಲೇ ಮಾತಾಡಿದೆವು. ಮಗಳ ಕಾಯಿಲೆ ಅವರಿಗೆ ಗೊತ್ತಿತ್ತು. ಅಭ್ಯಾಸದ ಹೊತ್ತಿನಲ್ಲಿ ಅವಳು ಬಿಸ್ಕತ್ತು ತಿನ್ನುವುದನ್ನು ನೋಡಿದ್ದರು. ರಾತ್ರಿಯ ವಿಷಯ ಗೊತ್ತಿರಲಿಲ್ಲ. ನಾನು ಹೇಳಿದೆ. "ಚಿಂತೆ ಮಾಡಬೇಡಿ, ನೋಡಿಕೊಳ್ಳುತ್ತೇವೆ" ಅನ್ನುವ ಉತ್ತರ ಬರುತ್ತದೆ, ನಾನು ತಲೆಯಾಡಿಸಿ ಮನೆಗೆ ಬರುತ್ತೇನೆ ಎಂದುಕೊಂಡಿದ್ದೆ.

ಅವರು ಗೆರೆ ಹಾಕಿಸುವುದನ್ನು ನಿಲ್ಲಿಸಿದರು. ಆಮೇಲೆ, "ನೋಡಿಕೊಳ್ಳುತ್ತೇನೆ ಅಂತ ಹೇಳಿಬಿಡಬಹುದು, ಮೇಡಂ. ಹೇಗೆ ನೋಡಿಕೊಳ್ಳಬೇಕು ಅಂತ ನನಗೆ ಬರುವುದಿಲ್ಲ. ನೀವು ಕಲಿಸಿ," ಎಂದರು.

ಆ ವಾರ ಅವರು ಎರಡು ಸಂಜೆ ನಮ್ಮ ಮನೆಗೆ ಬಂದರು. ಗ್ಲೂಕೋಮೀಟರಿನಲ್ಲಿ ಮೊದಲು ತಮ್ಮ ಬೆರಳನ್ನೇ ಚುಚ್ಚಿಕೊಂಡು ನೋಡಿದರು. ಸಕ್ಕರೆ ಇಳಿದರೆ ಮಗಳು ಬೆವರುತ್ತಾಳೆ, ಕೈ ನಡುಗುತ್ತದೆ, ಸುಮ್ಮಸುಮ್ಮನೆ ಸಿಡುಕುತ್ತಾಳೆ. ಆಗ ಗ್ಲೂಕೋಸ್ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ನಾನು ಹೇಳಿಕೊಟ್ಟದ್ದನ್ನೆಲ್ಲ ಅವರು ನನಗೆ ತಿರುಗಿ ಒಪ್ಪಿಸಿದರು. ಅತ್ತೆ ಅವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಅತ್ತೆ ಬಹಳ ಹೊತ್ತು ಮಾತಾಡಿದರು, ಶಿಕ್ಷಕಿ ಅಷ್ಟೂ ಹೊತ್ತು ಕೇಳಿದರು.

ನಮ್ಮ ಡಾಕ್ಟರು ಪಂದ್ಯದ ದಿನ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು, ಮಲಗುವ ಮುನ್ನ ಏನು ತಿನ್ನಬೇಕು ಎಂದು ಬರೆದುಕೊಟ್ಟರು. ಶಿಕ್ಷಕಿ ಅದನ್ನು ಪ್ರಾಂಶುಪಾಲರಿಗೆ ತೋರಿಸಿ, ಆತಿಥೇಯ ಶಾಲೆಗೂ ಫೋನು ಮಾಡಿ, ರಾತ್ರಿಯ ಊಟವನ್ನು ಬೇಗ ಬಡಿಸಲು ಒಪ್ಪಿಸಿದರು. ಅದಾದ ಮೇಲೆ ತಂಡದ ಎಲ್ಲ ಮನೆಗಳಿಗೂ ಪತ್ರ ಇನ್ನೊಂದು ಸಲ ಹೋಯಿತು. ಅದರಲ್ಲಿ ನನ್ನ ಮಗಳ ಹೆಸರಿರಲಿಲ್ಲ. ಊಟದ ಹೊತ್ತುಗಳು, ಹಾಸ್ಟೆಲಿನ ವಿಳಾಸ, ಹುಡುಗಿಯರ ಕೋಣೆಯಲ್ಲೇ ಶಿಕ್ಷಕಿಯೂ ಮಲಗುತ್ತಾರೆ ಎನ್ನುವ ಮಾತು, ಹತ್ತಿರದ ಆಸ್ಪತ್ರೆ, ತುರ್ತು ಬಂದರೆ ಚಿಕಿತ್ಸೆ ಕೊಡಿಸಲು ಅನುಮತಿ ಕೇಳುವ ಸಾಲು ಸೇರಿದ್ದವು. ಔಷಧಿಯ ವಿವರಕ್ಕೆ ಈ ಸಲ ಅರ್ಧ ಪುಟ ಇತ್ತು.

ನಾನು ಆ ಅರ್ಧ ಪುಟ ತುಂಬಿ ಗಂಡನ ಮುಂದೆ ಇಟ್ಟೆ. ಅವರು ಎರಡು ಸಲ ಓದಿದರು. "ಆ ಬಾಯಿ ತನ್ನ ಬೆರಳ ಚುಚ್ಚಿಕೊಂಡ್ಳು ನೋಡು," ಎಂದಷ್ಟೇ ಹೇಳಿ ಸಹಿ ಹಾಕಿದರು. ಒಬ್ಬರದೇ ಸಾಕಿದ್ದರೂ ಅವರ ಸಹಿಯ ಕೆಳಗೆ ನಾನೂ ಹಾಕಿದೆ.

ಬಸ್ಸು ಹೋದ ದಿನ ನನಗೆ ಮನೆಯಲ್ಲಿ ಕೈಗೆ ಕೆಲಸವೇ ಹತ್ತಲಿಲ್ಲ. ಮಧ್ಯಾಹ್ನ ಶಿಕ್ಷಕಿಯ ಫೋನು ಬಂತು. ಮೊದಲ ಪಂದ್ಯ ಗೆದ್ದಿದ್ದಾರೆ, ಎರಡನೆಯದಕ್ಕೆ ಮುಂಚೆ ಮಗಳ ಸಕ್ಕರೆ ಇಳಿದಿತ್ತು ಎಂದರು. ಮಗಳು ಏನೂ ಆಗಿಲ್ಲ ಅಂದಳಂತೆ. ಸಿಡುಕಿನಿಂದ ಅಂದಳು, ಅದಕ್ಕೇ ಕೂರಿಸಿ ಪರೀಕ್ಷಿಸಿದರಂತೆ. ಗ್ಲೂಕೋಸ್ ಕುಡಿದು ಈಗ ಸರಿಯಾಗಿದ್ದಾಳೆ, ಆದರೂ ಈ ಪಂದ್ಯದ ಮೊದಲ ಸರದಿಗೆ ಬೇರೆಯವಳನ್ನು ಇಳಿಸಿದ್ದೇನೆ ಅಂದರು. ಫೋನು ಮಗಳಿಗೆ ಕೊಟ್ಟರು.

"ಅವ್ವಾ, ಮ್ಯಾಡಮ್ಮು ನಿನಗಿಂತ ಸ್ಟ್ರಿಕ್ಟ್ ಅದಾರ," ಎಂದಳು ಮಗಳು. ಅವಳ ಹಿಂದೆ ಹುಡುಗಿಯರ ಗದ್ದಲ ಕೇಳುತ್ತಿತ್ತು. ನನ್ನೊಡನೆ ಹೆಚ್ಚು ಮಾತಾಡುವ ಮನಸ್ಸು ಅವಳಿಗಿರಲಿಲ್ಲ. ಅದು ನನಗೆ ಎಷ್ಟು ಹಿತವೆನಿಸಿತೆಂದರೆ, ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಆ ರಾತ್ರಿ ನಾನು ಅಲಾರಾಂ ಇಡಲಿಲ್ಲ. ಬೆಳಿಗ್ಗೆ ಎದ್ದಾಗ ಶಿಕ್ಷಕಿಯ ಎರಡು ಸಂದೇಶಗಳಿದ್ದವು, ಮಲಗುವ ಮುಂಚಿನದು ಮತ್ತು ನಡುರಾತ್ರಿಯದು. ಎರಡರಲ್ಲೂ ಸಕ್ಕರೆಯ ಅಂಕಿ ಬಿಟ್ಟು ಬೇರೇನೂ ಇರಲಿಲ್ಲ. ಎರಡೂ ಸರಿಯಾಗಿದ್ದವು.

ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಸಂಜೆ ಶಾಲೆಯ ಗೇಟಿನ ಮುಂದೆ ಬಸ್ಸು ನಿಂತಾಗ ಮಗಳು ಮೊಣಕಾಲು ತರಚಿಕೊಂಡು, ಗಂಟಲು ಕಟ್ಟಿಸಿಕೊಂಡು ಇಳಿದಳು. ಅಪ್ಪನಿಗೆ ಚೀಲ ಕೊಟ್ಟು ಮತ್ತೆ ಗೆಳತಿಯರ ಕಡೆಗೆ ಓಡಿದಳು. ಶಿಕ್ಷಕಿ ಬಸ್ಸಿನ ಬಾಗಿಲಲ್ಲಿ ನಿಂತು, ಪತ್ರದಲ್ಲಿ ಹೆಸರು ಬರೆದುಕೊಟ್ಟವರಿಗೇ ಒಬ್ಬೊಬ್ಬಳನ್ನು ಒಪ್ಪಿಸುತ್ತಿದ್ದರು. ಅವರ ಕಣ್ಣುಗಳು ನಿದ್ದೆಗೆಟ್ಟು ಕೆಂಪಗಾಗಿದ್ದವು. ನಾನು ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದುಕೊಂಡು ಬಂದಿದ್ದೆ. ಅವರ ಕೈ ಹಿಡಿದುಕೊಂಡೆ, ಅಷ್ಟೇ. ಅವರು ನನ್ನ ಬೆನ್ನು ತಟ್ಟಿ, ಮುಂದಿನ ವರ್ಷ ಅವಳು ಮೊದಲ ಸರದಿಯಲ್ಲೇ ಬೇಕು, ನಿನ್ನೆಯ ಆ ಸರದಿಯಲ್ಲಿ ಅವಳಿದ್ದಿದ್ದರೆ ಇನ್ನೂ ಎರಡು ಪಾಯಿಂಟು ಬರುತ್ತಿತ್ತು ಎಂದು ಹೇಳಿ, ಮುಂದಿನ ಹುಡುಗಿಯ ತಂದೆಯನ್ನು ಕರೆದರು.