ಪ್ರಪೋಸಲ್‌ನ ಮೊದಲ ನಾಲ್ಕು ಸಾಲು

ತಮ್ಮ ಕಂಪನಿಯ ಹೆಸರಿನಿಂದ ಶುರುವಾಗದ ಪ್ರಪೋಸಲ್ ಕಂಡರೆ ನಮ್ಮ ಮಾಲಕರಿಗೆ ಮೈ ಉರಿಯುತ್ತಿತ್ತು. ಭಾಗ್ಯನಗರದಲ್ಲಿ ಒಂದು ವೆಲ್ಡಿಂಗ್ ಅಂಗಡಿಯ ಮೇಲಿನ ಎರಡು ಕೋಣೆ, ಕೆಲವು ಹಳೆಯ ಕಂಪ್ಯೂಟರ್, ಬೇಸಿಗೆಯಲ್ಲೇ ಕೈಕೊಡುವ ಒಂದು ಎ.ಸಿ. ಇಷ್ಟೇ ನಮ್ಮ ಸಂಸ್ಥಾನ. ಆದರೆ ಅವರು ಬರೆದ ಪ್ರಪೋಸಲ್ ಓದಿದವರಿಗೆ ಅರ್ಧ ದೇಶ ನಮ್ಮ ಸಾಫ್ಟ್‌ವೇರಿನ ಮೇಲೆಯೇ ನಡೆಯುತ್ತಿದೆ ಅನ್ನಿಸಬೇಕು. ‘ಈ ಭಾಗದ ಅಗ್ರಗಣ್ಯ ಸಂಸ್ಥೆಯಾದ ನಾವು’ ಎಂದು ಶುರುಮಾಡಿದರೆ ಗಿರಾಕಿಯ ಸುದ್ದಿ ಮೂರನೆಯ ಪುಟಕ್ಕೆ ಬರುತ್ತಿತ್ತು. ಒಮ್ಮೆ ಗಂಗಾವತಿಯ ಒಂದು ರೈಸ್ ಮಿಲ್ಲಿಗೆ ಕೊಟ್ಟದ್ದರಲ್ಲಿ ಮತ್ತೊಂದು ಮಿಲ್ಲಿನ ಹೆಸರು ಹಾಗೇ ಉಳಿದುಬಿಟ್ಟಿತ್ತು. ಆ ಸಾಹುಕಾರರು ಕಾಗದ ವಾಪಸ್ ಕೊಟ್ಟು, “ಲಗ್ನಪತ್ರಿಕಿ ಛಲೋ ಐತ್ರಿ, ವರನ ಹೆಸರೊಂದ ಬ್ಯಾರೆದವಂದು,” ಎಂದು ಕಳಿಸಿದ್ದರು.

ಆಮೇಲೆ ಪ್ರಪೋಸಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಯಲಬುರ್ಗಾದಿಂದ ದಿನಾ ಬಸ್ಸಿಗೆ ಬಂದುಹೋಗುವವಳು. ಸೀಟು ಸಿಕ್ಕರೆ ಕೂತು, ಸಿಗದಿದ್ದರೆ ಕಂಬಿ ಹಿಡಿದು ಮೊದಲ ಸಾಲುಗಳನ್ನು ತಲೆಯಲ್ಲೇ ತಿದ್ದುತ್ತಿದ್ದೆ. ನನ್ನ ವಾದ ಸರಳವಾಗಿತ್ತು. ಹೊಟ್ಟೆನೋವು ಅಂತ ಬಂದವನ ಮುಂದೆ ಡಾಕ್ಟರು ತನ್ನ ಸರ್ಟಿಫಿಕೇಟು ಓದುತ್ತ ಕೂರುತ್ತಾನೆಯೇ? ಎಲ್ಲಿ ನೋಯುತ್ತದೆ ಅಂತ ಒತ್ತಿ ನೋಡುತ್ತಾನೆ. ಸರಿಯಾದ ಜಾಗದಲ್ಲಿ ಒತ್ತಿದರೆ ರೋಗಿಯೇ ‘ಹಾಂ, ಅಲ್ಲೇ’ ಅನ್ನುತ್ತಾನೆ. ಮೊದಲ ನಾಲ್ಕು ಸಾಲು ಓದಿ ಗಿರಾಕಿ ‘ಹಾಂ, ಅಲ್ಲೇ’ ಅನ್ನಬೇಕು. ನಮ್ಮ ಬಡಾಯಿ ಆಮೇಲೆ ಇದ್ದೇ ಇರುತ್ತದೆ.

ಹೀಗಿರುವಾಗ ಕುಷ್ಟಗಿ ಕಡೆ ರೈತರಿಂದ ಟೊಮೇಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಬೆಳೆಸಿಕೊಳ್ಳುವ ಒಂದು ಕಂಪನಿಯಿಂದ ಕರೆ ಬಂತು. ಅವರು ಕೇಳಿದ್ದು ಬೆಳೆಗಾರರ ಮೊಬೈಲಿಗೆ ಕನ್ನಡದಲ್ಲಿ ಸಲಹೆ ಕಳಿಸುವ ವ್ಯವಸ್ಥೆ. ಯಾವಾಗ ಔಷಧಿ ಹೊಡೆಯಬೇಕು, ಮಳೆ ಯಾವಾಗ ಅಂತ. ಯಾಕೆ ಬೇಕು ಅಂತ ನಾನು ಫೋನಿನಲ್ಲಿ ಕೇಳಿದಾಗ ಅವರ ಮ್ಯಾನೇಜರ್, “ಹಂಗಾಮಿಗೊಮ್ಮೆ ಛಲೋ ಛಲೋ ಬೆಳೆಗಾರರ ಬಿಟ್ಟ ಹೊಂಟಾರ್ರಿ,” ಅಂದರು. ಔಷಧಿಯ ಸಲಹೆ ಸಿಗಲಿಲ್ಲವೆಂದು ಯಾವ ರೈತ ಕಂಪನಿ ಬಿಟ್ಟಾನು? ನನಗೆ ಅನುಮಾನ ಬಂತು. ಹೋಗಿ ನೋಡಿಬರುತ್ತೇನೆ ಅಂದೆ.

“ಅಲ್ಲೇನ ನೋಡ್ತೀರಿ ಮೇಡಂನೋರ? ಮೆಸೇಜ್ ಅಂದ್ರ ಮೆಸೇಜ್,” ಅಂದರು ಮಾಲಕರು.

ಭಾನುವಾರ ನನ್ನದೇ ಖರ್ಚಿನಲ್ಲಿ ತಾವರಗೇರಾ ಬಸ್ಸು ಹತ್ತಿದೆ. ಅಲ್ಲಿಂದ ಒಂದಿಷ್ಟು ದೂರದ ಊರಿನಲ್ಲಿ, ಬಿಳಿ ಬಲೆ ಹೊದಿಸಿದ ನೆಟ್ಟುಗಳಲ್ಲಿ ಹೆಂಗಸರು ಕ್ರಾಸಿಂಗ್ ಮಾಡುತ್ತಿದ್ದರು. ಅರಳುವ ಮೊದಲೇ ಹೆಣ್ಣುಗಿಡದ ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗ ಚಿಮಟದಿಂದ ಕಿತ್ತು, ಆಮೇಲೆ ಗಂಡುಗಿಡದಿಂದ ತಂದ ಪರಾಗ ಮುಟ್ಟಿಸುವ ಕೆಲಸ. ಒಂದು ಮೊಗ್ಗು ಕಣ್ತಪ್ಪಿ ತಾನೇ ಕಾಯಿಕಟ್ಟಿ ಅದರ ಬೀಜ ಕೂಡಿಬಿಟ್ಟರೆ ಶುದ್ಧತೆ ಕೆಡುತ್ತದೆ. ಒಬ್ಬೊಬ್ಬ ಬೆಳೆಗಾರರ ಬೀಜ ಒಂದೊಂದು ಲಾಟು; ಅದರಲ್ಲಿ ಒಂದಿಷ್ಟನ್ನು ಕಂಪನಿಯವರು ಬಿತ್ತಿ ಬೆಳೆಸಿ ಪರೀಕ್ಷೆ ಮಾಡಿ ಫೇಲ್ ಅಂದರೆ ಇಡೀ ಲಾಟು ಹೋದಂತೆ.

ಒಂದು ನೆಟ್ಟಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳಾದ ಒಬ್ಬ ವಿಧವೆ ಇದ್ದಳು. ನೆಟ್ಟು ಅವಳದೇ. ನನ್ನನ್ನು ನೋಡಿ, “ಕಂಪನಿಯಾಕಿ ಏನ್?” ಎಂದು ಮುಖ ಗಂಟುಹಾಕಿದಳು. ಅಲ್ಲ, ಕಂಪ್ಯೂಟರಿನಾಕಿ ಅಂದೆ. ಚಹಾ ಕುಡಿಯುವ ಹೊತ್ತಿಗೆ ನಾನು ಅವಳಿಗೆ ತಂಗೆವ್ವ ಆಗಿದ್ದೆ.

“ಫೇಲ್ ಆದ್ರ ಆಗ್ಲಿ ತಂಗೆವ್ವ, ಬೆಳಿ ಅಂದಮ್ಯಾಲ ಎಲ್ಲಾ ಪಾಸ್ ಆಗ್ತಾವೇನ? ಆದ್ರ ಫೇಲ್ ಆತು ಅಂತ ಬಂದು ಹೇಳೋರು ಬ್ಯಾಡೇನು? ಹೋದ ಸಲ ನಳದ ಹತ್ರ ಯಾರೋ ಅಂದ್ರು, ನಿನ್ನ ಲಾಟ್ ಹೋತಂತಲ್ಲ ಅಂತ. ಊರಿಗೆಲ್ಲ ಗೊತ್ತೈತಿ, ನನಗೊಬ್ಬಾಕಿಗೇ ಇಲ್ಲ! ಅಷ್ಟರಾಗ ಅದs ಆಳು ಹಚ್ಚಿ ಮತ್ತೊಂದು ಬೆಳಿ ಕ್ರಾಸಿಂಗ್ ಮಾಡಿಸಾಕತ್ತಿದ್ದೆ. ಮೊದಲs ತಿಳಿದಿದ್ರ ಎಲ್ಲಿ ತಪ್ಪಿತು ಅಂತ ನೋಡ್ತಿದ್ದಿಲ್ಲೇನು?”

ಪರೀಕ್ಷೆಯ ಫಲಿತಾಂಶ ಕಂಪನಿಯಿಂದ ಹೋಗುತ್ತಿದ್ದುದು ಆರ್ಗನೈಸರ್ ಹತ್ತಿರ. ಆರ್ಗನೈಸರ್ ಅಂದರೆ ಕಂಪನಿಗೂ ಊರಿಗೂ ನಡುವೆ ನಿಂತು, ಬಿತ್ತಲು ಕಂಪನಿ ಕೊಡುವ ತಾಯಿಬೀಜ ಹಂಚಿ, ಲಾಟು ಕೂಡಿಸಿ ಕೊಡುವವನು. ಕೆಟ್ಟ ಸುದ್ದಿಯನ್ನು ಅವನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಮುಂದಿನ ಹಂಗಾಮಿನ ನಾಟಿ ಮುಗಿಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಬೆಳೆಗಾರರು ಕೈ ತಪ್ಪುತ್ತಾರಲ್ಲ!

“ಗಂಡಸರಾದ್ರ ಗಾಡಿ ಹತ್ತಿ ಹೋಗಿ ಬ್ಯಾರೆ ಕಂಪನಿ ಹಿಡೀತಾರ. ನನಗ ಯಾರದಾರ? ಅಂವ ತಾಯಿಬೀಜ ಕೊಡಲಿಲ್ಲ ಅಂದ್ರ ಈ ನೆಟ್ಟು ಸೊಳ್ಳಿಪರದಿ ಆಗ್ತೈತಿ,” ಅಂದಳು. ನನ್ನ ನಂಬರು ಬರೆದುಕೊಟ್ಟು ನಾನು ಹೊರಡುವಾಗ ಕೈ ಹಿಡಿದು, “ನಾ ಹೇಳಿದ್ದು ಎಲ್ಲ್ಯೂ ಬರಬಾರದು ಮತ್ತ,” ಅಂದಳು. ಬರುವುದಿಲ್ಲ ಅಕ್ಕಾ, ಅಂದೆ.

ಬರಲೂ ಇಲ್ಲ. ನಾನು ಬರೆದದ್ದು ಇಷ್ಟು:

‘ನಿಮ್ಮ ಬೆಳೆಗಾರರು ಕಾಯುತ್ತಿರುವುದು ತಮ್ಮ ಲಾಟಿನ ಸುದ್ದಿಗಾಗಿ. ಫಲಿತಾಂಶ ನಿಮ್ಮ ಕಚೇರಿಯಿಂದ ಹೊರಟು ಅವರ ಮನೆ ಮುಟ್ಟುವಷ್ಟರಲ್ಲಿ ಮುಂದಿನ ಬೆಳೆ ಹೂವಿಗೆ ಬಂದಿರುತ್ತದೆ, ತಪ್ಪು ತಿದ್ದಿಕೊಳ್ಳುವ ಅವಕಾಶ ಹೋಗಿರುತ್ತದೆ. ಫೇಲಾದದ್ದನ್ನು ಅವರು ಸಹಿಸುತ್ತಾರೆ, ಎಲ್ಲರಿಗಿಂತ ಕೊನೆಗೆ ತಿಳಿದದ್ದನ್ನು ಸಹಿಸದೆ ನಿಮ್ಮನ್ನು ಬಿಡುತ್ತಾರೆ. ಹಾಗೆ ಬಿಟ್ಟವರೊಂದಿಗೆ ನೀವು ವರ್ಷಗಟ್ಟಲೆ ಕಲಿಸಿದ ಕ್ರಾಸಿಂಗಿನ ಕೈಗಳೂ ಹೋಗುತ್ತವೆ.’

ಆರ್ಗನೈಸರ್ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೆ. ಊರಿನ ಹೆಸರಿಲ್ಲ, ಹೆಂಗಸು ಎಂಬ ಸುಳಿವೂ ಇಲ್ಲ. ಇಂಥ ಸಾಲುಗಳಲ್ಲಿ ಗಿರಾಕಿಯ ನೋವು ಬರೆಯಬೇಕು, ಯಾರದು ತಪ್ಪು ಅಂತ ಬೊಟ್ಟು ಮಾಡಬಾರದು. ಮಾಡಿದರೆ ಅವನು ನೋವು ಮರೆತು ಜಗಳಕ್ಕೆ ನಿಲ್ಲುತ್ತಾನೆ. ಆಮೇಲಿನ ಪುಟದಲ್ಲಿ ಸಲಹೆಯ ಮೆಸೇಜಿನ ಜೊತೆಗೆ ಫಲಿತಾಂಶವೂ ನೇರವಾಗಿ ಬೆಳೆಗಾರರ ಮೊಬೈಲಿಗೆ ಹೋಗಲಿ ಎಂದು ಸೇರಿಸಿದೆ.

ಮಾಲಕರು ಓದಿ, “ನಮ್ಮ ಹೆಸರs ಇಲ್ಲಲ್ರಿ!” ಅಂದರು. ಒಂದು ತಾಸು ಜಗಳವಾಡಿದೆವು. ಕಡೆಗೆ ಅವರಿಗೆ ಊಟದ ಹೊತ್ತಾಯಿತು, ನನ್ನ ಸಾಲುಗಳು ಉಳಿದವು.

ಕಂಪನಿಯ ಕಚೇರಿಯಲ್ಲಿ ಮ್ಯಾನೇಜರ್ ಆ ಸಾಲುಗಳನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. “ಹಾಂ, ಇದs ನೋಡ್ರಿ ನಮ್ಮ ಬ್ಯಾನಿ,” ಅಂದರು. ಸುಳ್ಳು ಯಾಕೆ ಹೇಳಲಿ, ಆಗ ನನಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಮ್ಯಾನೇಜರ್ ಮೆಲ್ಲಗೆ ಕೇಳಿದರು: “ನಿಮಗ ಇದನ್ನ ಯಾರ ಹೇಳಿದ್ರು?”

ನಾನು, “ಹಂಗs ನಾಕ ಮಂದೀನ್ನ ಕೇಳಿದ್ವಿರಿ,” ಅಂದೆ. ಮೇಜಿನ ಕೆಳಗೆ ಮಾಲಕರ ಕಾಲು ತುಳಿಯಬೇಕೆಂದರೆ ಎಟುಕಲಿಲ್ಲ.

ಮಾಲಕರು ಎದೆಯುಬ್ಬಿಸಿದರು. ನೆಟ್ಟಿನ ಬಾಗಿಲು ಎತ್ತ ಕಡೆ ಇದೆ ಅಂತ ಗೊತ್ತಿಲ್ಲದ ಮನುಷ್ಯ! “ನಾವು ಕುಂತಲ್ಲೇ ಬರಿಯೋ ಮಂದಿ ಅಲ್ರಿ ಸರ್. ಫೀಲ್ಡಿಗೆ ಹೋಗೇವಿ. ತಾವರಗೇರಾದ ಮುಂದಿನ ಊರಾಗ, ಗಂಡಿಲ್ಲದಾಕಿ ಒಬ್ಬಾಕಿ ನೆಟ್ಟು ಹಾಕ್ಯಾಳಲ್ರಿ, ಆಕಿ ಬಾಯಿಲೇ ಕೇಳೇವಿ. ಬೇಕಾದ್ರ ಮೇಡಂನೋರ್ನ ಕೇಳ್ರಿ.”

ಹೋಗಿಬಂದದ್ದರ ಬಗ್ಗೆ ನಾನು ಮಾಲಕರಿಗೆ ಹೇಳಿದ್ದು ಕೆಲಸದ ಮಾತೆಂದು, ಜಂಬದ ಸಾಮಾನೆಂದಲ್ಲ. ಮ್ಯಾನೇಜರ್ ನನ್ನ ಕಡೆ ನೋಡಲಿಲ್ಲ. ಪಕ್ಕದಲ್ಲಿ ಕೂತ, ಆ ಊರುಗಳನ್ನು ನೋಡಿಕೊಳ್ಳುವ ತಮ್ಮ ಫೀಲ್ಡ್ ಆಫೀಸರನ ಕಡೆ ನೋಡಿದರು. ಅವನು ತಲೆಯಾಡಿಸಿದ. ಆ ಊರಿನಲ್ಲಿ ನೆಟ್ಟು ಹಾಕಿದ ವಿಧವೆ ಎಷ್ಟು ಜನ ಇದ್ದಾರು?

ಹೊರಗೆ ಬಂದು ನಾನು ಕೂಗಾಡಿದೆ. ಮಾಲಕರಿಗೆ ಅರ್ಥವೇ ಆಗಲಿಲ್ಲ. “ಅಲ್ರಿ, ಆಕಿಗೆ ಛಲೋನs ಆಗ್ತೈತಿ. ಕಂಪನಿಯವ್ರು ಕೈ ಹಿಡೀತಾರ. ಕೆಲಸ ನಮಗs ಬಂತು ಅಂತ ತಿಳ್ಕೋರಿ,” ಅಂದರು. ಕೆಲಸ ಬಂತು ಕೂಡ. ಮಾಲಕರು ಪೇಢೆ ತರಿಸಿದರು, ಕೆಳಗಿನ ವೆಲ್ಡಿಂಗ್ ಅಂಗಡಿಗೂ ಹಂಚಿದರು. ನಾನು ಮುಟ್ಟಲಿಲ್ಲ.

ನನಗೆ ಗೊತ್ತಿತ್ತು, ಕಂಪನಿಗೆ ಆರ್ಗನೈಸರ್ ಬಿಟ್ಟರೆ ಗತಿಯಿಲ್ಲ. ಊರಿನ ಲಾಟೆಲ್ಲ ಅವನ ಕೈಯಲ್ಲಿ. ಅವನನ್ನು ಕೇಳದೆ ಇರುತ್ತಾರೆಯೇ? ಕೇಳಿದರೆ ಅವನು ಸುಮ್ಮನಿರುತ್ತಾನೆಯೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅದು. ಮ್ಯಾನೇಜರಿಗೆ ಫೋನು ಮಾಡಿ ಬೇಡಿಕೊಂಡೆ, ಆ ಅಕ್ಕನ ಮಾತು ಬಿಡಿ ಅಂತ. “ಛೇ ಛೇ, ಹಂಗೇನಿಲ್ರಿ ಮೇಡಂ,” ಅಂದರು. ಆ ‘ಛೇ ಛೇ’ಯಲ್ಲಿ ಎಣ್ಣೆ ಹಚ್ಚಿದ ಜಾರಿಕೆಯಿತ್ತು.

ವ್ಯವಸ್ಥೆ ತಯಾರಾಯಿತು. ಬೆಳೆಗಾರರಿಗೆ ಹೋಗುವ ಮೆಸೇಜುಗಳ ಮಾದರಿಗಳನ್ನು ನಾನೇ ಬರೆದುಕೊಟ್ಟೆ. ಪಾಸಾದರೆ ಒಂದು, ಫೇಲಾದರೆ ಕಾರಣದೊಡನೆ ಒಂದು. ಕಂಪನಿಯವರು ಆಮೇಲೆ ಇನ್ನೊಂದು ಕೇಳಿದರು, ಬೆಳೆಗಾರರ ಪಟ್ಟಿಯಿಂದ ಹೆಸರು ತೆಗೆದುಹಾಕಿದವರಿಗೆ. ಅದನ್ನೂ ಬರೆದೆ. ಕಠಿಣವಾಗಿರಬಾರದು ಅಂತ ‘ಮಾನ್ಯರೇ’ ಸೇರಿಸಿದೆ, ‘ವಿಷಾದಿಸುತ್ತೇವೆ’ ಅಂತಲೂ ಸೇರಿಸಿದೆ. ಯಾರಿಗೆ ಯಾವುದು ಅಂತ ಬಟನ್ ಒತ್ತುವವರು ಅವರ ಕಚೇರಿಯವರು.

ವ್ಯವಸ್ಥೆ ಚಾಲೂ ಆದ ದಿನ ಮಧ್ಯಾಹ್ನ, ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದೆ. ಫೋನು ಬಂತು. ಅದೇ ಅಕ್ಕ.

“ತಂಗೆವ್ವ, ಮೆಸೇಜ್ ಬಂದೈತಿ. ಮಗಳು ಓದಿ ಹೇಳಿದ್ಲು. ಈ ಹಂಗಾಮಿಗೆ ನನ್ನ ಹೆಸರ ತಗದಾರಂತ, ತಾಯಿಬೀಜ ಇಲ್ಲಂತ. ಇದು ನೀ ಬರದದ್ದೇನು?”

ಸುಳ್ಳು ಹೇಳಬಹುದಿತ್ತು. “ಹೌದಕ್ಕಾ,” ಅಂದೆ. “ಆದ್ರ ನಿನ್ನ ಹೆಸರ ನಾ ಹೇಳಿಲ್ಲ. ನಮ್ಮ ಮಾಲಕರು...”

“ಯಾರ ಹೇಳಿದ್ರೇನು ಬಿಡು.” ಹಿಂದೆ ಯಾರೋ ಅಳುತ್ತಿದ್ದರು, ಮಗಳೇ ಇರಬೇಕು. ಅಕ್ಕ ಅವಳನ್ನು ಗದರಿಸಿ ಸುಮ್ಮನಿರಿಸಿದಳು. ಆಮೇಲೆ ನನಗೆ ಹೇಳಿದಳು: “ಭಾಳ ಛಲೋ ಮಾಡೀರಿ. ಈ ಸಲ ಊರಾಗ ಎಲ್ಲಾರಿಗಿಂತ ಮೊದಲು ನನಗs ತಿಳೀತು ನೋಡು.”