ಒಣಗಿದ ಮೇಲೆ ಮೂಡುವ ತ್ರಿಕೋನ

ಹುಕ್ಕೇರಿಯಿಂದ ಗೋಕಾಕಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬಂದು ಬಿ.ಎ. ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುವವಳು ನಾನು. ನನ್ನ ಸಿಟ್ಟು ಕಾಲೇಜಿಗೆಲ್ಲ ಗೊತ್ತು. ರೇಖಾಚಿತ್ರ ತಪ್ಪು ಬರೆದವರನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಸರಿ ಬರುವತನಕ ಬಿಡುತ್ತಿರಲಿಲ್ಲ.

ಆ ವರ್ಷ ಏಕಸ್ವಾಮ್ಯದ ಪಾಠಕ್ಕೆ ನಾನೇ ಒಂದು ಊರು ಕಟ್ಟಿದೆ. ಬಸ್ಸು ಬಾರದ ಊರು. ಅಲ್ಲಿಂದ ಪೇಟೆಗೆ ಮೂರು ಗಾಲಿಯ ಟಂಟಂ ಗಾಡಿಯೇ ಗತಿ. ಒಬ್ಬರನ್ನು ಕರೆದೊಯ್ಯಲು ತಗಲುವ ಖರ್ಚು ಇಪ್ಪತ್ತು ರೂಪಾಯಿ. ಬರಲು ಮನಸ್ಸಿರುವವರನ್ನು ಹೆಚ್ಚು ಕೊಡಬಲ್ಲವರಿಂದ ಹಿಡಿದು ಸಾಲಾಗಿ ನಿಲ್ಲಿಸಿದರೆ, ಅರವತ್ತರಿಂದ ಸಾಲಿನ ನಂಬರು ಕಳೆದಷ್ಟೇ ಅವರವರ ತಾಕತ್ತು. ಹತ್ತನೆಯವರು ಐವತ್ತು ಕೊಟ್ಟಾರು, ನಲವತ್ತನೆಯವರು ಇಪ್ಪತ್ತು. ಲೆಕ್ಕ ಹಗುರಾಗಲಿ ಎಂದು ಆರಿಸಿದ ಅಂಕಿ, ಅಷ್ಟೆ.

ಹಿಂದಿನ ಬೆಂಚಿಗೂ ಕಾಣಲಿ ಎಂದು ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಬರೆದೆ. ನಿಂತ ಗೆರೆ ಬೆಲೆ, ಮಲಗಿದ ಗೆರೆ ಪ್ರಯಾಣಿಕರು. ಅರವತ್ತರಿಂದ ಬಲಕ್ಕೆ ಇಳಿಯುವ ಬೇಡಿಕೆಯ ರೇಖೆ, ಇಪ್ಪತ್ತರ ಮಟ್ಟದಲ್ಲಿ ಅಡ್ಡಡ್ಡ ಹೋಗುವ ಸೀಮಾಂತ ವೆಚ್ಚ, ಅಂದರೆ ಇನ್ನೊಬ್ಬರನ್ನು ಒಯ್ಯಲು ಬೀಳುವ ಖರ್ಚು. ಹತ್ತಾರು ಮಾಲಕರು ಪೈಪೋಟಿಗೆ ಬಿದ್ದಾಗ ದರ ಇಪ್ಪತ್ತಕ್ಕೆ ನಿಲ್ಲುತ್ತದೆ, ನಲವತ್ತು ಮಂದಿ ಹೋಗುತ್ತಾರೆ. ಒಬ್ಬನೇ ಮಾಲಕನಾದರೆ ಅವನು ನೋಡುವುದು ಸೀಮಾಂತ ಆದಾಯ, ಅಂದರೆ ಇನ್ನೊಬ್ಬ ಹತ್ತಿದರೆ ಹೆಚ್ಚಾಗಿ ಬರುವ ಹಣ. ಇನ್ನೊಬ್ಬನನ್ನು ಹತ್ತಿಸಿಕೊಳ್ಳಲು ಎಲ್ಲರಿಗೂ ದರ ಇಳಿಸಬೇಕು, ಹೀಗಾಗಿ ಆ ರೇಖೆ ಎರಡರಷ್ಟು ಕಡಿದಾಗಿ ಇಳಿದು, ಇಪ್ಪತ್ತನೆಯ ಪ್ರಯಾಣಿಕನ ಹತ್ತಿರ ವೆಚ್ಚದ ಗೆರೆಯನ್ನು ಮುಟ್ಟುತ್ತದೆ. ಅಲ್ಲೇ ದರ ಓದಬಾರದು, ಪ್ರತಿ ವರ್ಷ ಅರ್ಧ ಕ್ಲಾಸು ಎಡವುವುದು ಇಲ್ಲಿಯೇ. ಅಲ್ಲಿಂದ ನೆಟ್ಟಗೆ ಮೇಲೆ ಬೇಡಿಕೆಯ ರೇಖೆಗೆ ಹೋಗಬೇಕು. ದರ ನಲವತ್ತು.

ಕೊಡಬಲ್ಲದ್ದಕ್ಕೂ ಕೊಟ್ಟದ್ದಕ್ಕೂ ಇರುವ ಅಂತರವೇ ಪ್ರಯಾಣಿಕರ ಲಾಭ, ಮೊದಲು ಅದು ಒಟ್ಟು ಎಂಟುನೂರು. ಈಗ ಅವರಿಗೆ ಇನ್ನೂರು, ಮಾಲಕನಿಗೆ ನಾನೂರು. ಉಳಿದ ಇನ್ನೂರು? ಗಾಡಿ ಹತ್ತದೆ ಉಳಿದವರು ಇಪ್ಪತ್ತು ಮಂದಿ, ದರಕ್ಕೂ ವೆಚ್ಚಕ್ಕೂ ಅಂತರ ಇಪ್ಪತ್ತು. ಗುಣಿಸಿ ಅರ್ಧ ಮಾಡಿದರೆ ಇನ್ನೂರು. ಬೇಡಿಕೆಯ ರೇಖೆಗೂ ವೆಚ್ಚದ ಗೆರೆಗೂ ನಡುವೆ ಉಳಿದ ಆ ತ್ರಿಕೋನಕ್ಕೆ ಗೆರೆ ಹಾಕಿ ತುಂಬಿಸಿ, ಇದು ಯಾರ ಕಿಸೆಗೂ ಹೋಗದ ನಷ್ಟ ಎಂದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮಮದಾಪುರದಾಚೆಯ ತೋಟದ ವಸ್ತಿಯಿಂದ ಬರುವವಳು, ಕುರುಬರ ಮನೆಯ ಮಗಳು. ಹಾಜರಿ ಪುಸ್ತಕದಲ್ಲಿ ಇಪ್ಪತ್ತೆಂಟನೆಯ ನಂಬರು.

"ಆ ಇಪ್ಪತ್ತು ಮಂದಿ ಎಲ್ಲಿ ಹೋಗ್ತಾರ್ರಿ ಮೇಡಮ್ಮರ?"

"ಎಲ್ಲಿ ಹೋಗ್ತಾರ? ಮನ್ಯಾಗ ಕುಂದರ್ತಾರ," ಎಂದೆ. ಕ್ಲಾಸು ನಕ್ಕಿತು, ನಾನೂ ನಕ್ಕೆ. ಅವಳು ನಗಲಿಲ್ಲ.

ಕಾಲೇಜಿನ ಸಿಪಾಯಿ ಬೋರ್ಡು ಒರೆಸಿದ. ಮರುದಿನ ಬಂದರೆ ತ್ರಿಕೋನ ಅಲ್ಲೇ ಇತ್ತು. ನೀರಿನ ಸುಣ್ಣ ಹಲಗೆಗೆ ಹಿಡಿದುಕೊಳ್ಳುವುದು ಹೊಸದೇನಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತಿತ್ತು, ಹಲಗೆ ಒಣಗುತ್ತ ಬಂದಂತೆ ಮೆಲ್ಲಗೆ ಮತ್ತೆ ಮೂಡುತ್ತಿತ್ತು. ಉಳಿದ ಗೆರೆಗಳೆಲ್ಲ ಅಳಿಸಿಹೋಗಿ ಅದೊಂದೇ ಉಳಿದಿದ್ದು ಮಾತ್ರ ನನಗೆ ಸರಿಬರಲಿಲ್ಲ. ಒತ್ತಿ ತುಂಬಿಸಿದ್ದೆನಲ್ಲ, ಅದಕ್ಕೇ ಎಂದು ಸಮಾಧಾನ ಮಾಡಿಕೊಂಡೆ. ಆದರೂ ಅದಕ್ಕೆ ಬೆನ್ನು ಮಾಡಿ ನಿಲ್ಲಲು ಮನಸ್ಸಾಗುತ್ತಿರಲಿಲ್ಲ.

ದಸರಾ ರಜೆ ಮುಗಿದ ಮೇಲಿನ ಮಾತು. ತಲೆ ಬಗ್ಗಿಸಿ ಹಾಜರಿ ಕರೆಯುತ್ತಿದ್ದೆ. ಇಪ್ಪತ್ತೆಂಟು ಎಂದೆ. "ಎಸ್ ಮೇಡಂ," ಎಂದಿತು ಅವಳದೇ ಸಣ್ಣ ದನಿ. ಏಕೋ ತಲೆ ಎತ್ತಿದೆ. ಅವಳ ಬೆಂಚು ಖಾಲಿ ಇತ್ತು.

ಯಾರು ಹೇಳಿದ್ದು ಎಂದು ಕೇಳಿದೆ, ಗದರಿಸಿದೆ. ಎಲ್ಲರೂ ತಾವಲ್ಲ ಎಂದರು. ಅವಳು ರಜೆ ಮುಗಿದಾಗಿನಿಂದ ಬಂದೇ ಇಲ್ಲ ಎಂದು ಮುಂದಿನ ಬೆಂಚಿನವರು ಹೇಳಿದರು. ಆದರೆ ಪುಸ್ತಕದಲ್ಲಿ ಒಂಬತ್ತು ದಿನ ಅವಳಿಗೆ ಹಾಜರಿ ಬಿದ್ದಿತ್ತು, ನನ್ನ ಕೈಯಿಂದಲೇ. ಮೈ ಉರಿದುಹೋಯಿತು. ಅಲ್ಲೇ ಕೆಂಪು ಪೆನ್ನಿನಿಂದ ಒಂಬತ್ತನ್ನೂ ಹೊಡೆದುಹಾಕಿ, ಏನು ಎತ್ತ ಎಂದು ವಿಚಾರಿಸದೆ ಪುಸ್ತಕವನ್ನು ಆಫೀಸಿಗೆ ಕೊಟ್ಟೆ.

ತಿಂಗಳ ಕೊನೆಗೆ ಹಾಜರಿ ಕಡಿಮೆ ಇದ್ದವರ ಪಟ್ಟಿ ಬಂತು. ಪರೀಕ್ಷೆಗೆ ಕೂರಲು ಅವಕಾಶವಿಲ್ಲದವರು ಒಬ್ಬರೇ, ಇಪ್ಪತ್ತೆಂಟು. ಮರುದಿನ ಮಧ್ಯಾಹ್ನ ಮಮದಾಪುರದ ಬಸ್ಸು ಹತ್ತಿದೆ.

ಅಲ್ಲಿಂದ ವಸ್ತಿಗೆ ಕಬ್ಬಿನ ನಡುವೆ ಒಂದು ತಾಸಿನ ನಡಿಗೆ. ಎರಡೂ ಕಡೆ ತಲೆಯ ಮೇಲೆ ಬೆಳೆದು ನಿಂತ ಕಬ್ಬು. ಗಾಳಿ ಇರಲಿಲ್ಲ, ಆದರೂ ಒಳಗೆ ಒಣಗರಿಯ ರವದಿ ಸರಸರ ಎನ್ನುತ್ತಿತ್ತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ನರಿ ಇರಬೇಕು ಎಂದುಕೊಂಡೆ. ನಡುಮಧ್ಯಾಹ್ನದಲ್ಲಿ ನಾನು, ಐವತ್ತರ ಹೆಂಗಸು, ಸೆರಗು ಬಿಗಿಹಿಡಿದು ಓಡುನಡಿಗೆಯಲ್ಲಿ ಹೋದೆ. ಈ ದಾರಿಯಲ್ಲಿ ಮಗಳನ್ನು ಒಬ್ಬಳೇ ಯಾರು ಕಳಿಸಿಯಾರು?

ಹುಡುಗಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ಅತ್ತದ್ದೇನೂ ಇಲ್ಲ. ವಸ್ತಿಯ ಟಂಟಂಗಳನ್ನೆಲ್ಲ ದಸರೆಯ ಹೊತ್ತಿಗೆ ಒಬ್ಬನೇ ಕೊಂಡುಕೊಂಡನಂತೆ. ದಿನದ ದರ ಇಪ್ಪತ್ತು ಇದ್ದದ್ದು ನಲವತ್ತಾಯಿತಂತೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ನಿಜ, ಬಸ್ಸೇ ಬಾರದ ಕಡೆ ಪುಕ್ಕಟೆಯಿಂದ ಏನು ಬಂತು?

"ನಿಮ್ಮ ಬೋರ್ಡಿನ ಮ್ಯಾಲಿನ ಊರು ನಮ್ಮ ವಸ್ತಿನ ಆತ್ರಿ," ಎಂದಳು.

ಆ ಅಂಕಿಗಳನ್ನು ನಾನು ಹುಕ್ಕೇರಿಯ ಅಡುಗೆಮನೆಯಲ್ಲಿ ಚಹಾ ಕುದಿಯುವ ಹೊತ್ತಿನಲ್ಲಿ ಸುಮ್ಮನೆ ಆರಿಸಿದ್ದೆ.

ಅವಳು ಒಳಗಿನಿಂದ ನೋಟುಬುಕ್ಕು ತಂದಳು. ಚಿತ್ರ ಅಚ್ಚುಕಟ್ಟಾಗಿತ್ತು, ಎಲ್ಲೂ ತಪ್ಪಿರಲಿಲ್ಲ. ತ್ರಿಕೋನದೊಳಗೆ ಮಾತ್ರ, ವೆಚ್ಚದ ಗೆರೆಯಿಂದ ಬೇಡಿಕೆಯ ರೇಖೆಯವರೆಗೆ ಒಂದು ಸಣ್ಣ ನಿಂತ ಗೆರೆ ಎಳೆದಿದ್ದಳು.

"ಅಪ್ಪ ದಿನಾ ಮೂವತ್ತೆರಡರ ಮ್ಯಾಲ ಕೊಡಾಕ ಆಗೂದಿಲ್ಲ ಅಂದಾನ್ರಿ. ಅರವತ್ತರಾಗ ಮೂವತ್ತೆರಡು ಕಳದ್ರ ಇಪ್ಪತ್ತೆಂಟು. ಸಾಲಿನ್ಯಾಗ ನಾ ಇಪ್ಪತ್ತೆಂಟನೇದಾಕಿರಿ. ಇಪ್ಪತ್ತಕ್ಕ ಹೋಗಿದ್ರ ದಿನಾ ಹನ್ನೆರಡರ ಲಾಭ ಇತ್ತು. ಈ ಗೆರಿ ಅಷ್ಟು ನಂದ್ರಿ."

ನಿನ್ನ ಬದಲು ಹಾಜರಿ ಹೇಳುತ್ತಿದ್ದವರು ಯಾರೆಂದು ಕೇಳಿದೆ. ತಾನು ಯಾರಿಗೂ ಹೇಳಿಲ್ಲ ಎಂದಳು. ಸುಳ್ಳು ಹೇಳುವ ಮುಖವಾಗಿರಲಿಲ್ಲ ಅದು.

ಗೋಕಾಕಕ್ಕೆ ಬಂದವಳೇ ಪ್ರಾಚಾರ್ಯರ ಮುಂದೆ ನಿಂತು ಬೇಡಿಕೊಂಡೆ. ಅವರು ಕೆಟ್ಟವರಲ್ಲ. ಕೆಲವು ದಿನಗಳ ಕೊರತೆಯನ್ನು ಮನ್ನಿಸುವ ಅಧಿಕಾರ ಅವರಿಗಿತ್ತು, ಆದರೆ ನಾನು ಹೊಡೆದ ಒಂಬತ್ತು ಸೇರಿ ಕೊರತೆ ಅದನ್ನು ದಾಟಿತ್ತು. ಆ ಒಂಬತ್ತನ್ನು ತಿರುಗಿ ತುಂಬಲೇ ಎಂದು ನಾಚಿಕೆ ಬಿಟ್ಟು ಕೇಳಿದೆ.

"ಇದ್ದದ್ದನ್ನ ತೋರಿಸಬಹುದು, ಇಲ್ಲದ್ದನ್ನ ಹೆಂಗ ತೋರಿಸೂದ್ರಿ ಮೇಡಂ?" ಎಂದರು.

ಇಲ್ಲದ್ದನ್ನು ತೋರಿಸುವುದೇ ನನ್ನ ಕೆಲಸ ಸಾರ್, ಇಪ್ಪತ್ತು ವರ್ಷದಿಂದ ಅದನ್ನೇ ಬರೆಯುತ್ತಿದ್ದೇನೆ ಎಂದು ಬಾಯಿಗೆ ಬಂತು, ಆಡಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೇ?

ಪರೀಕ್ಷೆ ಅದೇ ಕೋಣೆಯಲ್ಲಿ ನಡೆಯಿತು, ಮೇಲ್ವಿಚಾರಣೆಗೆ ನನ್ನನ್ನೇ ಹಾಕಿದರು. ಅವಳಿಗೆಂದು ಖಾಲಿ ಜಾಗವೂ ಇರಲಿಲ್ಲ. ಇಪ್ಪತ್ತೇಳರ ಬೆನ್ನಿಗೇ ಇಪ್ಪತ್ತೊಂಬತ್ತನ್ನು ಕೂರಿಸಿದ್ದರು. ಒಬ್ಬರು ಕಡಿಮೆ ಇದ್ದಾರೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಹತ್ತು ಅಂಕದ ಪ್ರಶ್ನೆ ಅದೇ ಬಂದಿತ್ತು, ಎಲ್ಲರೂ ತಲೆ ಬಗ್ಗಿಸಿ ತ್ರಿಕೋನಕ್ಕೆ ಗೆರೆ ತುಂಬುತ್ತಿದ್ದರು. ಪೆನ್ಸಿಲ್ಲಿನ ಆ ಸರಸರ ಕಬ್ಬಿನ ದಾರಿಯನ್ನು ನೆನಪಿಸಿತು. ಬೆಳಿಗ್ಗೆ ಸಿಪಾಯಿ ಒದ್ದೆ ಬಟ್ಟೆಯಲ್ಲಿ ಒರೆಸಿದ್ದ ಬೋರ್ಡು ನನ್ನ ಹಿಂದೆ ಒಣಗುತ್ತಿತ್ತು. ನಾನು ತಿರುಗಿ ನೋಡಲಿಲ್ಲ.

ಸಹಿ ಹಾಕಿಸುವಾಗ ರೂಢಿಯಂತೆ ನಂಬರು ಕರೆಯುತ್ತ ಹೋದೆ. ಇಪ್ಪತ್ತೇಳು ಆಯಿತು. ಹಾಳೆಯಲ್ಲಿ ಇರದಿದ್ದರೂ ನನ್ನ ಬಾಯಿ ಇಪ್ಪತ್ತೆಂಟು ಎಂದಿತು. ಮಕ್ಕಳು ತಲೆ ಎತ್ತಿ ನನ್ನನ್ನೇ ನೋಡಿದರು. ನಾನು ಪೆನ್ನು ಹಿಡಿದು ಕಾಯ್ದೆ, ಆ ದನಿ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆವತ್ತು ಮಾತ್ರ ಯಾರೂ ಹಾಜರಿ ಹೇಳಲಿಲ್ಲ.