ಎಪ್ಪತ್ತೆರಡು ಗಂಟೆಯ ಗೆರೆ

ಆ ಶುಕ್ರವಾರದ ಕಥೆಯನ್ನು ನಾನು ಮೂರು ಬಗೆಯಲ್ಲಿ ಹೇಳಿದ್ದೇನೆ. ಒಂದರಲ್ಲಿ ಕೂಸನ್ನು ಕಂಡ ಕೂಡಲೇ ನಾನು ರೋಗ ಪತ್ತೆಹಚ್ಚಿಬಿಡುತ್ತೇನೆ. ಇದು ಕಾಲೇಜಿನ ಗೆಳೆಯರಿಗಾಗಿ. ಇನ್ನೊಂದರಲ್ಲಿ ಕೂಸಿನ ಅಜ್ಜಿ, ಇಳಕಲ್ಲಿನ ನೇಕಾರ್ತಿ, ಕೂಸು ಹಾಲು ಕುಡಿದಾಗಲೆಲ್ಲ ನೂಲಿಗೊಂದು ಗಂಟು ಹಾಕಿಡುತ್ತಾಳೆ. ಕೇಳಿದವರು ಆಹಾ ಎಂದರು. ಅಜ್ಜಿ ಇದ್ದಳು; ನೂಲೂ ಇರಲಿಲ್ಲ, ಗಂಟೂ ಇರಲಿಲ್ಲ. ಮೂರನೆಯದು ಇದು. ಇದರಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲ. ಆದ್ದರಿಂದ ನಿಜಕ್ಕೆ ತುಸು ಹತ್ತಿರ ಇರಬಹುದು.

ಬಾಗಲಕೋಟೆಯ ಒಂದು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ನಾನಾಗ ಕಿರಿಯ ವೈದ್ಯ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಾಳಂತಿಯರ ವಾರ್ಡಿನ ಸುತ್ತು. ಇಪ್ಪತ್ತು ಮಂಚ, ಇಪ್ಪತ್ತು ಫೈಲು. ಸಮಯ ಉಳಿಸಲು ನಮ್ಮಲ್ಲೊಂದು ಪದ್ಧತಿಯಿತ್ತು: ನಡೆದುಕೊಂಡು ಬರುವಾಗಲೇ ಎಲ್ಲ ಫೈಲುಗಳಲ್ಲೂ 'ಚಟುವಟಿಕೆ ಚೆನ್ನಾಗಿದೆ, ಅಳು ಚೆನ್ನಾಗಿದೆ, ಹಾಲು ಕುಡಿಯುತ್ತಿದೆ' ಎಂದು ಬರೆದಿಟ್ಟುಬಿಡುವುದು. ಆಮೇಲೆ ಕೂಸು ನೋಡುವುದು. ಕೆಲವೊಮ್ಮೆ ಈ ಎರಡನೆಯ ಭಾಗ ಮರೆತುಹೋಗುತ್ತಿತ್ತು.

ಅಜ್ಜಿಯ ಮಗಳಿಗೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಿಸೇರಿಯನ್ ಆಗಿತ್ತು. ಹಿಂದಿನ ದಿನವೇ ನೀರು ಒಡೆದಿತ್ತು. ಹೆಣ್ಣುಮಗು, ಎರಡು ಕೆಜಿ ಮುನ್ನೂರು ಗ್ರಾಂ. ಉಸಿರಾಟ ತುಸು ಜೋರಿದ್ದುದರಿಂದ ಒಂದು ದಿನ ನವಜಾತ ಶಿಶು ಘಟಕದಲ್ಲಿಟ್ಟು, ಕೈಗೆ ಸಲೈನಿನ ಸೂಜಿ ಚುಚ್ಚಿ, ಸರಿಹೋದ ಮೇಲೆ ತಾಯಿಯ ಮಗ್ಗುಲಿಗೆ ಕೊಟ್ಟಿದ್ದೆವು.

ಶುಕ್ರವಾರ ಒಂಬತ್ತಕ್ಕೆ ನಾನು 'ಚೆನ್ನಾಗಿದೆ' ಎಂದು ಬರೆದು ಮುಂದೆ ಹೋದೆ. ಕೂಸು ಕುಂಚಿಗೆಯೊಳಗಿತ್ತು, ಮೂಗು ಕಂಡಿತ್ತು. ಹನ್ನೊಂದಕ್ಕೆ ಬೇರೇನೋ ಕೆಲಸಕ್ಕೆ ವಾರ್ಡಿಗೆ ಬಂದಾಗ ಅಲ್ಲಿ ಆ ಕೂಸಿನ ಗುಣಗಾನ ನಡೆದಿತ್ತು.

"ಎಂಥಾ ಶಾಣ್ಯಾ ಕೂಸರಿ ನಿಮ್ಮದು," ಎದುರು ಮಂಚದ ಹುನಗುಂದದ ಬಾಳಂತಿ ಹೇಳುತ್ತಿದ್ದಳು. "ನಮ್ಮದು ನೋಡ್ರಿ, ರಾಕ್ಷಸ. ಇಡೀ ವಾರ್ಡು ಎಬ್ಬಸ್ತೈತಿ."

"ಶಾಣ್ಯಾತನ ಎಲ್ಲಿದು ತಗೀ," ಅಜ್ಜಿ ಗದರಿದಳು. "ನಾಕು ದಿನದ ಕೂಸಿಗೆ ಎಲ್ಲಿ ಶಾಣ್ಯಾತನ? ಅಳವಲ್ದು ಅಂದ್ರ ಏನೋ ಆಗೇತಿ." ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು. "ಡಾಕ್ಟರ್ರ, ಜರಾ ನೋಡ್ರಿ. ಮೊಲಿ ಹಿಡಿಯವಲ್ದು. ಬಾಯಾಗ ಇಟ್ರ ಹಂಗ ಬಿಡ್ತೈತಿ."

"ಜ್ವರ ಬಂದೈತೇನಮ್ಮಾ?"

"ಜ್ವರ ಬಂದಿದ್ರ ಮುಂಜಾನೇನ ನಿಮ್ಮ ಕೈ ಹಿಡೀತಿದ್ನಿ. ಮೈ ತಣ್ಣಗ ಐತಿ. ಕಾಲಂತೂ ಬಾವ್ಯಾಗಿನ ಕಲ್ಲಿನ್ಹಂಗ."

ಕುಂಚಿಗೆ ಬಿಚ್ಚಿದೆ. ಎರಡು ಗಂಟೆ ತಡವಾಗಿ. ಎತ್ತಿದರೆ ಕೈಕಾಲು ಒದ್ದೆ ಬಟ್ಟೆಯಂತೆ ಜೋತವು. ಚರ್ಮದ ಮೇಲೆ ಬಲೆಯಂಥ ಮಚ್ಚೆ. ಎದೆಯ ಮೇಲೆ ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗಕ್ಕೆ ಬಣ್ಣ ಮರಳಲು ನಾಲ್ಕು ಸೆಕೆಂಡು. ಹೊಟ್ಟೆ ತುಸು ಉಬ್ಬಿತ್ತು. ಉಸಿರಾಟ ನಡುನಡುವೆ ನಿಂತು, ಯೋಚಿಸಿ, ಮತ್ತೆ ಶುರುವಾಗುತ್ತಿತ್ತು. ಉಷ್ಣತೆ ಮೂವತ್ತೈದೂವರೆ ಡಿಗ್ರಿ. ದೊಡ್ಡವರ ರಕ್ತಕ್ಕೆ ಸೋಂಕು ಹತ್ತಿದರೆ ಊರಿಗೆಲ್ಲ ಗೊತ್ತಾಗುತ್ತದೆ. ನವಜಾತ ಶಿಶುವಿಗೆ ಅಷ್ಟು ಸದ್ದು ಮಾಡುವ ಶಕ್ತಿಯಿಲ್ಲ. ಅದು ಸುಮ್ಮನಾಗುತ್ತದೆ, ತಣ್ಣಗಾಗುತ್ತದೆ, ಹಾಲು ಬಿಡುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ನಾನು ಒಳ್ಳೆಯ ಅಂಕ ತೆಗೆದಿದ್ದೆ.

ಕೂಸನ್ನೆತ್ತಿಕೊಂಡು ಘಟಕಕ್ಕೆ ಓಡಿದೆ. ಅಜ್ಜಿ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಬಾದಾಮಿ ಕಡೆಯ ಸಿಸ್ಟರ್ ಕೂಸನ್ನು ಬೆಚ್ಚನೆಯ ವಾರ್ಮರ್ ಕೆಳಗೆ ಮಲಗಿಸಿ, ಆಮ್ಲಜನಕ ಹಚ್ಚಿ, ಸಕ್ಕರೆ ಮಟ್ಟ ನೋಡಿದರು. ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಕಲ್ಚರಿಗೆ ನಾನು ರಕ್ತ ತೆಗೆದೆ. ಇನ್ನು ಔಷಧಿ. ಅಲ್ಲಿ ಹಿರಿಯ ಡಾಕ್ಟರು ಫೈಲು ಹಿಡಿದು ನಿಂತಿದ್ದರು.

ನಮ್ಮ ಘಟಕದಲ್ಲಿ ಎಪ್ಪತ್ತೆರಡು ಗಂಟೆಯದೊಂದು ಗೆರೆ ಇದೆ. ಅದರೊಳಗೆ ಶುರುವಾದ ಸೋಂಕು ಬೇಗನೆಯದು, ಬಹುಮಟ್ಟಿಗೆ ತಾಯಿಯಿಂದ, ಹೆರಿಗೆಯ ದಾರಿಯಿಂದ ಬಂದದ್ದು. ಅದಕ್ಕೆ ಆಂಪಿಸಿಲಿನ್, ಜೆಂಟಾಮೈಸಿನ್. ಅದರಾಚೆಯದು ತಡವಾದದ್ದು, ಸುತ್ತಲಿನಿಂದ, ಸೂಜಿಯಿಂದ, ಮುಟ್ಟಿದ ಕೈಗಳಿಂದ ಬಂದದ್ದು. ಅದಕ್ಕೆ ಬೇರೆ, ಜೋರಾದ ಔಷಧಿ. ವಿದೇಶಿ ಪುಸ್ತಕಗಳು ಬೇಗನೆಯದಕ್ಕೆ ಮೊದಲು ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಹೆಸರು ಹೇಳುತ್ತವೆ, ಆಮೇಲೆ ಇ. ಕೋಲಿ. ಆ ಮೊದಲನೆಯ ಮಹಾಶಯರು ನಮ್ಮ ಕಡೆ ಅಪರೂಪ. ನಮ್ಮಲ್ಲಿ ಗೆರೆಯ ಎರಡೂ ಬದಿಗೆ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಸಿಗುತ್ತವೆ. ತಡವಾದದ್ದರಲ್ಲಿ ಸ್ಟಾಫಿಲೊಕಾಕಸ್ ಕೂಡ. ಬ್ಯಾಕ್ಟೀರಿಯಾ ಗೆರೆ ಓದುವುದಿಲ್ಲ. ಓದುವವರು ನಾವು, ಯಾಕೆಂದರೆ ಒಂದು ಬದಿಯಲ್ಲಿ ತಪ್ಪು ತಾಯಿಯದು, ಇನ್ನೊಂದು ಬದಿಯಲ್ಲಿ ನಮ್ಮದು.

"ನೀರು ಒಡದು ಒಂದು ದಿನ ಆಗಿತ್ತಲ್ಲಪಾ," ಹಿರಿಯರು ನಿರಾಳವಾಗಿ ಹೇಳಿದರು. "ಮೊದಲನೇ ಪೈಕೀನ ಇದು. ಒಳಗ ಗುರುವಾರ ಮುಂಜಾನೆ ಹತ್ತಕ್ಕಿಂತ ಮೊದಲ ಶುರು ಆಗಿರತೈತಿ, ನಮಗ ಕಂಡಿಲ್ಲ. ಆಂಪಿ-ಜೆಂಟಾ ಬರಿ."

"ಸರ್, ಗುರುವಾರ ಮುಂಜಾನೆ ಫೈಲಿನ್ಯಾಗ ಚೆನ್ನಾಗಿದೆ ಅಂತೈತ್ರಿ."

"ಬರದಾಂವ ಯಾರು?"

"ನಾನ ರೀ."

"ಕೂಸು ನೋಡಿ ಬರದಿಯೋ, ಬರದು ನೋಡಿದಿಯೋ?"

ಆ ಫೈಲು ನನ್ನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಒಂದೇ ತೊಂದರೆ, ಅದು ಸುಳ್ಳುಸಾಕ್ಷಿ. "ಬರದು ನೋಡೀನ್ರಿ," ಎಂದೆ. ಇದನ್ನು ಧೈರ್ಯವೆಂದು ಹಿಂದೊಮ್ಮೆ ಬಣ್ಣಿಸಿದ್ದೆ. ಅದು ಬರಿ ಹೆದರಿಕೆ. ವಾರ್ಮರ್ ಕೆಳಗೆ ಕೂಸಿನ ಉಸಿರು ಮತ್ತೆ ನಿಂತಿತ್ತು. ಸಿಸ್ಟರ್ ಅಂಗಾಲು ತಟ್ಟಿದರು. ಶುರುವಾಯಿತು.

ಬಾಗಿಲಿನಿಂದ ಅಜ್ಜಿ ಕೂಗಿದಳು: "ನಿನ್ನಿ ಮಧ್ಯಾಹ್ನ ತನಕ ಚಂದ ಕುಡದೈತ್ರಿ ಅದು!"

"ಅಜ್ಜಿ, ನಿಮ್ಮತ್ರ ಗಡಿಯಾರ ಐತೇನು?" ಹಿರಿಯರು ನಕ್ಕರು.

"ಯಾಕ ಬೇಕ್ರಿ? ನಿನ್ನಿ ಊಟ ಆದ ಮ್ಯಾಗ ಎರಡೂ ಮೊಲಿ ಕುಡದು ಮಲಗಿತು. ಆಮ್ಯಾಲ ಬಾಜೂ ಮಂಚದ ಸಾಬರ ಹುಡುಗಿ ಮನಿಗೆ ಹ್ವಾದ್ಲು. ಹೋಗೂಮುಂದ ಆಕಿ ಎತ್ತಿಕೊಂಡಾಗ ಕಿರ್ ಅಂತ ಅತ್ತಿತ್ತು. ಚಾ ಹೊತ್ತಿನ್ಯಾಗ ಎಬ್ಬಿಸಿದ್ರ ಅರ್ಧಕ್ಕ ಬಿಟ್ಟಿತು. ಅವಾಗ ಒಬ್ಬ ನರ್ಸಮ್ಮಗ ಹೇಳೀನಿ. 'ನಿದ್ದಿ ಅಜ್ಜಿ, ನಿದ್ದಿ' ಅಂದ್ಲು."

ಮನೆಗೆ ಹೋದ ಆ ಹುಡುಗಿಯ ಬಿಡುಗಡೆ ಚೀಟಿಯ ನಮ್ಮ ಪ್ರತಿಯಲ್ಲಿ ಸಮಯವಿತ್ತು: ಗುರುವಾರ ಮಧ್ಯಾಹ್ನ ಮೂರು. ಅಂದರೆ ಕೂಸು ಹುಟ್ಟಿ ಎಪ್ಪತ್ತೇಳು ಗಂಟೆ, ಗೆರೆಯ ಆಚೆ. ಸಿಸ್ಟರ್ ತಲೆಯೆತ್ತದೆಯೇ ಸೇರಿಸಿದರು: "ಸರ್ರ, ಸೋಮವಾರ ಈ ಕೂಸು ಮಲಗಿದ್ದೂ ಇದ ವಾರ್ಮರ್‌ನ್ಯಾಗ ರೀ. ಹ್ವಾದ ವಾರ ಇದರಾಗಿನ ಕೂಸಿಗೆ ಕ್ಲೆಬ್ಸಿಯೆಲ್ಲಾ ಬಂದಿತ್ತರಿ. ಜೆಂಟಾಕ್ಕ ಬಗ್ಗಿದ್ದಿಲ್ಲ."

ಹಿರಿಯರು ಅಜ್ಜಿಯನ್ನೂ ಫೈಲನ್ನೂ ಕೂಸನ್ನೂ ನೋಡಿದರು. ಮಕ್ಕಳ ಡಾಕ್ಟರು ಅವರು, ಕೊನೆಗೆ ಕೂಸನ್ನೇ ನೋಡಿದರು. "ಪಿಪರಾಸಿಲಿನ್-ಟಾಜೊಬ್ಯಾಕ್ಟಮ್, ಅಮಿಕಾಸಿನ್. ಲಗೂನ ಹಾಕ್ರಿ," ಎಂದು ಹೊರಗೆ ಹೋಗಿ ಕೈ ತೊಳೆದುಕೊಂಡರು. ಅಂದು ಎಲ್ಲರೂ ಬಹಳ ಹೊತ್ತು ಕೈ ತೊಳೆದರು.

ಎರಡು ದಿನಕ್ಕೆ ಕಲ್ಚರ್ ಬಂತು. ಕ್ಲೆಬ್ಸಿಯೆಲ್ಲಾ. ಜೆಂಟಾಮೈಸಿನ್ ಮುಂದೆ 'ಕೆಲಸ ಮಾಡದು', ಅಮಿಕಾಸಿನ್ ಮುಂದೆ 'ಮಾಡುತ್ತದೆ'. ಬೆನ್ನುಹುರಿಯ ನೀರು ತೆಗೆದು ನೋಡಿದರೆ ಶುದ್ಧವಾಗಿತ್ತು, ಸೋಂಕು ಮಿದುಳಿಗೆ ಏರಿರಲಿಲ್ಲ. ಮೂರನೆಯ ದಿನ ಕೂಸು ಸೂಜಿಗೆ ಸಿಟ್ಟಾಗಿ ಅತ್ತಿತು. ಕೆಟ್ಟ, ಕರ್ಕಶ, ಯಾರೂ ಹೊಗಳದಂಥ ಅಳು. ಹದಿನಾಲ್ಕು ದಿನ ಔಷಧಿ ಮುಗಿದ ಮೇಲೆ ಮನೆಗೆ ಕಳಿಸಿದೆವು.

ಬಿಡುಗಡೆ ಚೀಟಿಯನ್ನು ಅಜ್ಜಿ ನನ್ನ ಕೈಗೆ ಕೊಟ್ಟು ಓದಿ ಹೇಳಿರೆಂದಳು. ಅದರಲ್ಲಿ, 'ಆಸ್ಪತ್ರೆಯ ಸಿಬ್ಬಂದಿ ಸೂಕ್ಷ್ಮ ಲಕ್ಷಣಗಳನ್ನು ಕೂಡಲೇ ಗುರುತಿಸಿ ಚಿಕಿತ್ಸೆ ಆರಂಭಿಸಿದರು' ಎಂದಿತ್ತು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದೆ. ದನಿ ತಗ್ಗಿತ್ತು ಅನಿಸುತ್ತದೆ.

"ಇದರಾಗ ನಾ ಎಲ್ಲಿ ಅದೀನ್ರಿ?"

"ಎಲ್ಲೂ ಇಲ್ಲಮ್ಮಾ."

"ನೀವು?"

ಕೆಳಗಿನ ಸಹಿ ತೋರಿಸಿದೆ. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಸೀರೆಯ ಅಂಚು ನೋಡುವವಳಂತೆ ನೋಡಿದಳು.

"ಸಹಿ ಭಾಳ ಚಂದ ಮಾಡ್ತೀರಿ ಬಿಡ್ರಿ," ಎಂದು ಮಡಚಿ ಬಗಲಿಗಿಟ್ಟುಕೊಂಡು, ಅಳುತ್ತಿದ್ದ ಕೂಸನ್ನು ಬೈಯುತ್ತ ಇಳಕಲ್ಲಿನ ಬಸ್ಸಿಗೆ ಹೊರಟಳು.